ಕರೆಂಟ್ ಬಿಲ್ಲು: ನೂರರ ಗೆರೆ ದಾಟಿದಾಗ



ಕೂಡುವುದು, ಕಳೆಯುವುದು, ಗುಣಿಸುವುದು ನಿಮಗೆ ಬಂತು. ಇವತ್ತು ಆ ಲೆಕ್ಕವನ್ನು ಕರೆಂಟ್ ಬಿಲ್ಲಿನ ಮೇಲೆ ಮಾಡೋಣ.

ಕರೆಂಟ್ ದರ ಏರಿತು ಅಂತ ರೇಡಿಯೋದಲ್ಲಿ, ಟಿ.ವಿ.ಯಲ್ಲಿ ಹೇಳುತ್ತಾರೆ. "ಯೂನಿಟ್ಟಿಗೆ ಇಷ್ಟು ಪೈಸೆ" ಅಂತ ಒಂದೇ ಮಾತು ಹೇಳಿ ಮುಗಿಸುತ್ತಾರೆ. ಆದರೆ ನಮ್ಮ ಮನೆಗೆ ಬರುವ ಬಿಲ್ಲು ಆ ಮಾತಿನಂತೆ ಏರುವುದಿಲ್ಲ. ಒಬ್ಬರ ಮನೆಯಲ್ಲಿ 30 ರೂಪಾಯಿ ಏರುತ್ತದೆ. ಪಕ್ಕದ ಮನೆಯಲ್ಲಿ 200 ರೂಪಾಯಿ ಏರುತ್ತದೆ. ಇನ್ನೊಂದು ಮನೆಯಲ್ಲಿ ಇಳಿದೂ ಇರಬಹುದು. ಯಾಕೆ ಹೀಗೆ? ಇದನ್ನು ತಿಳಿಯಲು 2023ರಲ್ಲಿ ನಮ್ಮ ಕರ್ನಾಟಕದಲ್ಲಿ ಆದ ದರ ಏರಿಕೆಯನ್ನೇ ತೆಗೆದುಕೊಳ್ಳೋಣ. ಅದರಷ್ಟು ಒಳ್ಳೆಯ ಪಾಠ ಬೇರೆ ಸಿಗುವುದಿಲ್ಲ.

ಲೆಕ್ಕಕ್ಕೆ ಒಂದು ಮನೆ ಬೇಕು. ಅದಕ್ಕೆ "ಲೆಕ್ಕದ ಮನೆ" ಅಂತಲೇ ಹೆಸರಿಡೋಣ. ಬೆಸ್ಕಾಂ ಕರೆಂಟ್ ಕೊಡುವ ಒಂದು ಪಟ್ಟಣದಲ್ಲಿ ಈ ಮನೆ ಇದೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಬ್ಬರು ಅತ್ತೆ. ದೊಡ್ಡ ಮನೆಯಲ್ಲ, ಬಡತನದ ಮನೆಯೂ ಅಲ್ಲ.

ಮೊದಲು ಯೂನಿಟ್ ಅಂದರೇನು ಹೇಳುತ್ತೇನೆ. 1000 ವ್ಯಾಟ್‌ನ ಒಂದು ಸಾಮಾನು ಒಂದು ಗಂಟೆ ಓಡಿದರೆ ಒಂದು ಯೂನಿಟ್ ಖರ್ಚಾಗುತ್ತದೆ. 100 ವ್ಯಾಟ್‌ನ ಸಾಮಾನಾದರೆ 10 ಗಂಟೆ ಓಡಬೇಕು. ಆಗ ಒಂದು ಯೂನಿಟ್. ಅಷ್ಟೇ. ಸಾಮಾನಿನ ಮೇಲೆ ಎಲ್ಲಾದರೂ ಒಂದು ಕಡೆ ವ್ಯಾಟ್ ಎಷ್ಟು ಅಂತ ಬರೆದಿರುತ್ತಾರೆ. ತಿರುಗಿಸಿ ನೋಡಿ.

ಲೆಕ್ಕದ ಮನೆಯಲ್ಲಿ ಸ್ನಾನದ ನೀರು ಕಾಯಿಸಲು ಒಂದು ಕಾಯಿಲ್ ಇದೆ. ಬಕೆಟ್ಟಿನಲ್ಲಿ ಇಳಿಬಿಡುತ್ತೇವಲ್ಲ, ಅದು. ಅದು 1000 ವ್ಯಾಟ್. ದಿನಕ್ಕೆ ಒಂದು ಗಂಟೆ ಹಾಕುತ್ತಾರೆ. ದಿನಕ್ಕೆ ಒಂದು ಯೂನಿಟ್ಟಾಯಿತು, ತಿಂಗಳಿಗೆ 30. ಫ್ರಿಜ್ ಇದೆ. ಅದೂ ದಿನಕ್ಕೆ ಹೆಚ್ಚುಕಡಿಮೆ ಒಂದು ಯೂನಿಟ್ ತಿನ್ನುತ್ತದೆ ಅನ್ನಿ, ತಿಂಗಳಿಗೆ 30. ಫ್ಯಾನು ಎರಡು, ಒಂದೊಂದು 75 ವ್ಯಾಟ್. ಎರಡೂ ದಿನಕ್ಕೆ 8 ಗಂಟೆ ತಿರುಗಿದರೆ ತಿಂಗಳಿಗೆ 36 ಯೂನಿಟ್. ಟಿ.ವಿ. ದಿನಕ್ಕೆ 5 ಗಂಟೆ, ತಿಂಗಳಿಗೆ 9. ನಾಲ್ಕು ಎಲ್.ಇ.ಡಿ. ಬಲ್ಬು ದಿನಕ್ಕೆ 5 ಗಂಟೆ ಉರಿದರೂ ತಿಂಗಳಿಗೆ 5 ಯೂನಿಟ್ ಚಿಲ್ಲರೆ. ಎಲ್ಲ ಕೂಡಿಸಿ ನೋಡಿ. ಸುಮಾರು 110 ಯೂನಿಟ್.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಕ್ಕಳು ಬಲ್ಬು ಆರಿಸಲಿಲ್ಲ ಅಂತ ನಾವು ಬೈಯುತ್ತೇವೆ. ನಾಲ್ಕು ಬಲ್ಬಿನ ಒಂದು ತಿಂಗಳ ಖರ್ಚನ್ನು ಆ ಕಾಯಿಲ್ ಆರು ದಿನದಲ್ಲಿ ಮುಗಿಸುತ್ತದೆ. ಬೈಯುವುದಾದರೆ ಕಾಯಿಲನ್ನು ಬೈಯಬೇಕು.

ಈಗ ದರಕ್ಕೆ ಬರೋಣ.

2022ರ ಏಪ್ರಿಲ್‌ನಿಂದ ಒಂದು ವರ್ಷ ಪಟ್ಟಣದ ಮನೆಗಳಿಗೆ ಇದ್ದ ದರ ಇದು:

ಮೊದಲ 50 ಯೂನಿಟ್‌ಗೆ, ಯೂನಿಟ್ಟಿಗೆ 4 ರೂ. 15 ಪೈಸೆ.
51ರಿಂದ 100ರವರೆಗೆ, ಯೂನಿಟ್ಟಿಗೆ 5 ರೂ. 60 ಪೈಸೆ.
101ರಿಂದ 200ರವರೆಗೆ, ಯೂನಿಟ್ಟಿಗೆ 7 ರೂ. 15 ಪೈಸೆ.
200 ದಾಟಿದ ಮೇಲೆ, ಯೂನಿಟ್ಟಿಗೆ 8 ರೂ. 20 ಪೈಸೆ.

ಈ ಒಂದೊಂದು ಸಾಲಿಗೂ ಸ್ಲ್ಯಾಬ್ ಅನ್ನುತ್ತಾರೆ. ಹಂತ ಅಂತಲೂ ಹೇಳಬಹುದು.

ಇದನ್ನು ಹೇಗೆ ಓದಬೇಕು? ನಲ್ಲಿ ಮುಂದೆ ಸಾಲಾಗಿ ಕೊಡಗಳನ್ನು ಇಟ್ಟಿದ್ದೀರಿ ಅಂದುಕೊಳ್ಳಿ. ಮೊದಲ ಕೊಡ 50 ಯೂನಿಟ್ ಹಿಡಿಯುತ್ತದೆ. ಎರಡನೆಯದೂ 50 ಹಿಡಿಯುತ್ತದೆ. ಮೂರನೆಯ ಕೊಡ ದೊಡ್ಡದು, 100 ಹಿಡಿಯುತ್ತದೆ. ಮೊದಲ ಕೊಡ ತುಂಬಿದ ಮೇಲೆ ಉಳಿದದ್ದು ಎರಡನೆಯ ಕೊಡಕ್ಕೆ. ಅದೂ ತುಂಬಿದರೆ ಮೂರನೆಯದಕ್ಕೆ. ಒಂದೊಂದು ಕೊಡದ ನೀರಿಗೆ ಒಂದೊಂದು ಬೆಲೆ. ಮೂರನೆಯ ಕೊಡಕ್ಕೆ ನೀರು ಬಿತ್ತು ಅಂತ ಮೊದಲ ಕೊಡದ ನೀರಿನ ಬೆಲೆ ಬದಲಾಗುವುದಿಲ್ಲ. ಇದನ್ನು ಮನಸ್ಸಿನಲ್ಲಿಡಿ. ಇಡೀ ಪಾಠ ಇದರ ಮೇಲೇ ನಿಂತಿದೆ.

ಲೆಕ್ಕದ ಮನೆಯ 110 ಯೂನಿಟ್ಟನ್ನು ಕೊಡಗಳಿಗೆ ಹಂಚೋಣ. ಸ್ಲೇಟು ತೆಗೆದುಕೊಳ್ಳಿ.

ಮೊದಲ ಕೊಡ: 50 × 4.15 = 207 ರೂ. 50 ಪೈಸೆ
ಎರಡನೆಯ ಕೊಡ: 50 × 5.60 = 280 ರೂ.
ಮೂರನೆಯ ಕೊಡ: 10 × 7.15 = 71 ರೂ. 50 ಪೈಸೆ
ಒಟ್ಟು: 559 ರೂ.

ಇದು ಯೂನಿಟ್ಟಿನ ಹಣ ಮಾತ್ರ. ಬಿಲ್ಲಿನಲ್ಲಿ ಇನ್ನೂ ಬೇರೆ ಸಾಲುಗಳಿವೆ. ಅವುಗಳ ವಿಷಯ ಆಮೇಲೆ.

ಇನ್ನು 2023. ನಮ್ಮ ರಾಜ್ಯದಲ್ಲಿ ಕರೆಂಟಿನ ದರ ಗೊತ್ತು ಮಾಡುವುದು ಬೆಸ್ಕಾಂ ಅಲ್ಲ, ಲೈನ್‌ಮನ್ ಅಲ್ಲ, ಬಿಲ್ಲು ಕೊಡಲು ಬರುವ ಹುಡುಗ ಖಂಡಿತ ಅಲ್ಲ. ಪಾಪ, ಬೈಗುಳವೆಲ್ಲ ಅವನಿಗೇ ಬೀಳುತ್ತದೆ. ದರ ಗೊತ್ತು ಮಾಡುವುದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ಕೆ.ಇ.ಆರ್.ಸಿ. ಅಂತ ಕರೆಯುತ್ತಾರೆ. ಆ ಆಯೋಗ 2023ರ ಮೇ 12ರಂದು ಆದೇಶ ಮಾಡಿತು. ಸರಾಸರಿ ಯೂನಿಟ್ಟಿಗೆ 70 ಪೈಸೆ ಏರಿಕೆ ಅಂತ ಎಲ್ಲ ಕಡೆ ಸುದ್ದಿ ಬಂತು. ಆದೇಶ ಬಂದದ್ದು ಮೇ ತಿಂಗಳಲ್ಲಿ, ಆದರೆ ಹೊಸ ದರದ ಲೆಕ್ಕ ಏಪ್ರಿಲ್ 1ರಿಂದಲೇ. ಹಾಗಾಗಿ ಹಿಂದಿನ ಬಾಕಿಯೂ ಸೇರಿಕೊಂಡು ಜೂನ್ ತಿಂಗಳ ಬಿಲ್ಲು ಎಷ್ಟೋ ಮನೆಗಳಲ್ಲಿ ಬೆಂಕಿಯಂತೆ ಬಂತು.

ಆದರೆ ದೊಡ್ಡ ಬದಲಾವಣೆ ಆ 70 ಪೈಸೆ ಅಲ್ಲ. ಕೊಡಗಳ ಲೆಕ್ಕವನ್ನೇ ತೆಗೆದುಹಾಕಿದರು. ಹೊಸ ದರ ಹೀಗಿತ್ತು:

ತಿಂಗಳ ಬಳಕೆ 100 ಯೂನಿಟ್‌ವರೆಗೆ ಇದ್ದರೆ, ಯೂನಿಟ್ಟಿಗೆ 4 ರೂ. 75 ಪೈಸೆ.
ಬಳಕೆ 100 ದಾಟಿದರೆ, ಎಲ್ಲ ಯೂನಿಟ್ಟಿಗೂ 7 ರೂ.

"ಎಲ್ಲ ಯೂನಿಟ್ಟಿಗೂ" ಅನ್ನುವ ಎರಡು ಮಾತನ್ನು ಇನ್ನೊಂದು ಸಲ ಓದಿ. ನೂರಾದ ಮೇಲಿನ ಯೂನಿಟ್ಟಿಗೆ ಮಾತ್ರ 7 ರೂಪಾಯಿ ಅಲ್ಲ. ಒಂದನೆಯ ಯೂನಿಟ್ಟಿನಿಂದಲೇ 7 ರೂಪಾಯಿ. ಮುಂದಿನ ಕೊಡಕ್ಕೆ ಒಂದು ಹನಿ ಬಿದ್ದರೆ ಹಿಂದಿನ ಕೊಡಗಳ ನೀರಿನ ಬೆಲೆಯೂ ಏರುತ್ತದೆ.

ಲೆಕ್ಕದ ಮನೆಗೆ ಏನಾಯಿತು? 110 × 7 = 770 ರೂಪಾಯಿ. ಮೊದಲು 559 ಇತ್ತು. ಕಳೆಯಿರಿ. 211 ರೂಪಾಯಿ ಹೆಚ್ಚು. 110 ಯೂನಿಟ್ಟಿಗೆ 211 ರೂಪಾಯಿ ಅಂದರೆ ಯೂನಿಟ್ಟಿಗೆ 1 ರೂಪಾಯಿ 92 ಪೈಸೆ ಆಯಿತು. ರೇಡಿಯೋ 70 ಪೈಸೆ ಅಂತು. ಆ ಮನೆಯಾಕೆ ಬಿಲ್ಲು ಹಿಡಿದುಕೊಂಡು "ಇದರಲ್ಲಿ ಏನೋ ತಪ್ಪಾಗಿದೆ" ಅಂದಿದ್ದರೆ ಆಶ್ಚರ್ಯವಿಲ್ಲ. ರೇಡಿಯೋ ಹೇಳಿದ್ದೂ ಸುಳ್ಳಲ್ಲ, ಬಿಲ್ಲೂ ತಪ್ಪಲ್ಲ. 70 ಪೈಸೆ ಎಂಬುದು ಮನೆ, ಅಂಗಡಿ, ಕಾರ್ಖಾನೆ ಎಲ್ಲ ಸೇರಿಸಿ, ಎಲ್ಲ ಶುಲ್ಕವನ್ನೂ ಸೇರಿಸಿ ತೆಗೆದ ಸರಾಸರಿ. ಸರಾಸರಿಯಲ್ಲಿ ಯಾರೂ ವಾಸ ಮಾಡುವುದಿಲ್ಲ. ಆಳುದ್ದ ನೀರಿಗೂ ಮೊಣಕಾಲುದ್ದ ನೀರಿಗೂ ಸರಾಸರಿ ತೆಗೆದರೆ ಸೊಂಟದವರೆಗೆ ಅಂತ ಬರುತ್ತದೆ. ಹಾಗಂತ ಆಳದಲ್ಲಿ ನಿಂತವಳು ಮುಳುಗುವುದು ತಪ್ಪುತ್ತದೆಯೇ?

ಈಗ ಬೇರೆ ಬೇರೆ ಮನೆಗಳಿಗೆ ಇದೇ ಲೆಕ್ಕ ಮಾಡೋಣ. ಯೂನಿಟ್ಟಿನ ಹಣ ಮಾತ್ರ.

50 ಯೂನಿಟ್: ಮೊದಲು 207.50, ಆಮೇಲೆ 237.50. ಹೆಚ್ಚಾದದ್ದು 30 ರೂ.
100 ಯೂನಿಟ್: ಮೊದಲು 487.50, ಆಮೇಲೆ 475. ಕಡಿಮೆಯಾದದ್ದು 12 ರೂ. 50 ಪೈಸೆ.
101 ಯೂನಿಟ್: ಮೊದಲು 494.65, ಆಮೇಲೆ 707. ಹೆಚ್ಚಾದದ್ದು 212 ರೂ. 35 ಪೈಸೆ.
150 ಯೂನಿಟ್: ಮೊದಲು 845, ಆಮೇಲೆ 1050. ಹೆಚ್ಚಾದದ್ದು 205 ರೂ.
200 ಯೂನಿಟ್: ಮೊದಲು 1202.50, ಆಮೇಲೆ 1400. ಹೆಚ್ಚಾದದ್ದು 197 ರೂ. 50 ಪೈಸೆ.
300 ಯೂನಿಟ್: ಮೊದಲು 2022.50, ಆಮೇಲೆ 2100. ಹೆಚ್ಚಾದದ್ದು 77 ರೂ. 50 ಪೈಸೆ.
400 ಯೂನಿಟ್: ಮೊದಲು 2842.50, ಆಮೇಲೆ 2800. ಕಡಿಮೆಯಾದದ್ದು 42 ರೂ. 50 ಪೈಸೆ.

ಅವಸರ ಬೇಡ. ಒಂದೊಂದೇ ಸಾಲನ್ನು ಬೆರಳಿಟ್ಟು ಓದಿ.

ಸಾಲುಗಳನ್ನು ಮೇಲಿನಿಂದ ಕೆಳಗೆ ನೋಡಿದರೆ ಏನು ಕಾಣುತ್ತದೆ? 100 ಯೂನಿಟ್ ಸುಟ್ಟ ಮನೆಗೆ ದರ ಏರಿಕೆಯಲ್ಲಿ ಲಾಭವೇ ಆಯಿತು. 101 ಸುಟ್ಟ ಮನೆಗೆ ಎಲ್ಲರಿಗಿಂತ ದೊಡ್ಡ ಪೆಟ್ಟು. ಅಲ್ಲಿಂದ ಮುಂದೆ ಹೋದಂತೆ ಪೆಟ್ಟು ಕಡಿಮೆಯಾಗುತ್ತಾ ಹೋಗುತ್ತದೆ. ಎ.ಸಿ. ಹಾಕಿಕೊಂಡು 400 ಯೂನಿಟ್ ಸುಡುವ ಮನೆಗೆ ಯೂನಿಟ್ಟಿನ ಹಣ ಇಳಿದೇ ಹೋಯಿತು. ಮೊದಲು 200 ದಾಟಿದವರು ಆ ಮೇಲಿನ ಯೂನಿಟ್ಟಿಗೆ 8 ರೂಪಾಯಿ 20 ಪೈಸೆ ಕೊಡುತ್ತಿದ್ದರು. ಆ ಹಂತವೇ ಹೋಯಿತಲ್ಲ, ಅವರಿಗೂ 7 ರೂಪಾಯಿಯೇ ಆಯಿತು.

ಒಟ್ಟಿನಲ್ಲಿ ಏರಿಕೆಯ ಭಾರ ಬಿದ್ದದ್ದು ನಡುವಿನ ಮನೆಗಳ ಮೇಲೆ. ಒಂದು ಫ್ರಿಜ್, ಒಂದು ಕಾಯಿಲ್, ಎರಡು ಫ್ಯಾನ್ ಇರುವ ಮನೆ. ನನಗೆ ಕೇಳಿದರೆ ಇದು ನ್ಯಾಯವಾದ ಲೆಕ್ಕ ಅಲ್ಲ. ಹೆಚ್ಚು ಸುಟ್ಟವರು ಹೆಚ್ಚು ಕೊಡಲಿ ಅನ್ನುವುದು ಕೊಡಗಳ ಲೆಕ್ಕದಲ್ಲಿತ್ತು. ನೂರರ ಗೆರೆಯ ಲೆಕ್ಕದಲ್ಲಿ ಅದು ಉಳಿಯಲಿಲ್ಲ.

ಈಗ ಬಿಲ್ಲಿನ ಬೇರೆ ಸಾಲುಗಳಿಗೆ ಬರೋಣ. ಎರಡನ್ನು ತಿಳಿದರೆ ಸಾಕು.

ಒಂದು, ನಿಗದಿತ ಶುಲ್ಕ. ನೀವು ಒಂದು ಯೂನಿಟ್ಟೂ ಸುಡದೆ, ಬೀಗ ಹಾಕಿಕೊಂಡು ತವರಿಗೆ ಹೋದರೂ ಇದು ಬರುತ್ತದೆ. ಮೀಟರು ಹಾಕಿಸುವಾಗ ಮನೆಗೆ ಇಷ್ಟು ಕಿಲೋವ್ಯಾಟ್ ಅಂತ ಮಂಜೂರು ಮಾಡಿರುತ್ತಾರೆ. ಬಿಲ್ಲಿನಲ್ಲಿ ಅದನ್ನು ಬರೆದಿರುತ್ತಾರೆ. ಆ ಒಂದೊಂದು ಕಿಲೋವ್ಯಾಟಿಗೂ ತಿಂಗಳಿಗೆ ಇಷ್ಟು ಅಂತ ಹಣ. 2023ರ ದರದಲ್ಲಿ ಕಿಲೋವ್ಯಾಟಿಗೆ 110 ರೂಪಾಯಿ. ಲೆಕ್ಕದ ಮನೆಗೆ 2 ಕಿಲೋವ್ಯಾಟ್ ಮಂಜೂರಾಗಿದೆ ಅನ್ನಿ. 220 ರೂಪಾಯಿ.

ಇನ್ನೊಂದು, ತೆರಿಗೆ. ಯೂನಿಟ್ಟಿನ ಹಣದ ಮೇಲೆ ನೂರಕ್ಕೆ 9 ರೂಪಾಯಿ.

ಇವಲ್ಲದೆ ಇಂಧನದ ಹೊಂದಾಣಿಕೆ ಅಂತ ಒಂದು ಸಾಲು ಇರುತ್ತದೆ. ಅದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಒಮ್ಮೆ ಕೂಡುತ್ತಾರೆ, ಒಮ್ಮೆ ಕಳೆಯುತ್ತಾರೆ. ನಮ್ಮ ಲೆಕ್ಕಕ್ಕೆ ಅದು ಬೇಡ.

2023ರ ದರದಲ್ಲಿ 100 ಯೂನಿಟ್ಟಿನ ಪೂರ್ತಿ ಬಿಲ್ಲು:

ಯೂನಿಟ್ಟಿನ ಹಣ: 475.00
ನಿಗದಿತ ಶುಲ್ಕ: 220.00
ತೆರಿಗೆ: 42.75
ಒಟ್ಟು: 737.75

101 ಯೂನಿಟ್ಟಿನ ಪೂರ್ತಿ ಬಿಲ್ಲು:

ಯೂನಿಟ್ಟಿನ ಹಣ: 707.00
ನಿಗದಿತ ಶುಲ್ಕ: 220.00
ತೆರಿಗೆ: 63.63
ಒಟ್ಟು: 990.63

ಒಂದೇ ಒಂದು ಯೂನಿಟ್ಟಿಗೆ 252 ರೂಪಾಯಿ 88 ಪೈಸೆ. ಆ ಒಂದು ಯೂನಿಟ್ಟು ಯಾವುದು? ಒಂದು ಗಂಟೆ ಕಾಯಿಲ್ ಹಾಕಿದ್ದು. ಒಂದು ದಿನದ ಸ್ನಾನದ ನೀರು.

ಇಂಥ ಗೆರೆ ಇದ್ದಾಗ ತಿಂಗಳ ಕೊನೆಯಲ್ಲಿ ಗೆರೆಯ ಹತ್ತಿರ ಇದ್ದೇವೆಯೇ ಅಂತ ತಿಳಿಯುವುದು ಮುಖ್ಯ. ಬಿಲ್ಲು ಬಂದ ಮೇಲೆ ತಿಳಿದರೆ ಪ್ರಯೋಜನವಿಲ್ಲ. ಇದಕ್ಕೆ ಮೀಟರು ಓದಬೇಕು. ಈಗಿನ ಮೀಟರಿನಲ್ಲಿ ಅಂಕಿಗಳು ಒಂದಾದ ಮೇಲೊಂದು ಬದಲಾಗುತ್ತವೆ. ತಾರೀಖು ಬರುತ್ತದೆ, ಗಂಟೆ ಬರುತ್ತದೆ, ಬೇರೆ ಏನೇನೋ ಬರುತ್ತದೆ. ಹೆದರಬೇಡಿ. ಪಕ್ಕದಲ್ಲಿ kWh ಅಂತ ಅಕ್ಷರ ಬರುವ ಅಂಕಿಯೇ ಯೂನಿಟ್ಟು. ಇಂಗ್ಲಿಷ್ ಓದಲು ಬರದಿದ್ದರೂ ಪರವಾಗಿಲ್ಲ. ಈ ಮೂರು ಅಕ್ಷರದ ಆಕಾರವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಹೋಲಿಸಿ. ಬಿಲ್ಲಿನಲ್ಲಿ "ಇಂದಿನ ಮಾಪನ", "ಹಿಂದಿನ ಮಾಪನ" ಅಂತ ಎರಡು ಅಂಕಿ ಇರುತ್ತವೆ. ಇಂದಿನದರಲ್ಲಿ ಹಿಂದಿನದನ್ನು ಕಳೆದರೆ ನೀವು ಸುಟ್ಟ ಯೂನಿಟ್ಟು.

ಲೆಕ್ಕದ ಮನೆಯ ಬಿಲ್ಲಿನಲ್ಲಿ ಇಂದಿನ ಮಾಪನ 4310 ಇತ್ತು ಅನ್ನಿ. ಇಪ್ಪತ್ತು ದಿನ ಆದ ಮೇಲೆ ಮೀಟರಿನಲ್ಲಿ 4384 ಕಾಣುತ್ತದೆ. ಕಳೆದರೆ 74 ಯೂನಿಟ್. ಇನ್ನು ಹತ್ತು ದಿನಕ್ಕೆ 26 ಮಾತ್ರ ಉಳಿಯಿತು. ದಿನಕ್ಕೆ 2 ಯೂನಿಟ್ ಚಿಲ್ಲರೆ. ಆ ಮನೆಯ ಖರ್ಚು ದಿನಕ್ಕೆ ಮೂರೂವರೆ ಯೂನಿಟ್ಟಿಗಿಂತ ಹೆಚ್ಚು. ಹೀಗೇ ಬಿಟ್ಟರೆ ಗೆರೆ ದಾಟುವುದು ಖಂಡಿತ. ಆ ಹತ್ತು ದಿನ ನೀರನ್ನು ಸೌದೆ ಒಲೆಯ ಮೇಲೆ ಕಾಯಿಸಿದರೆ 10 ಯೂನಿಟ್ ಉಳಿಯುತ್ತದೆ. ಫ್ಯಾನು ಎರಡು ಗಂಟೆ ಕಡಿಮೆ ತಿರುಗಿದರೆ ಇನ್ನು 3 ಯೂನಿಟ್. ಆಗ ಗೆರೆಯ ಒಳಗೆ ನಿಲ್ಲಬಹುದು. 110ರ ಬದಲು 100ರಲ್ಲಿ ನಿಂತರೆ ಆಗಿನ ದರದಲ್ಲಿ ಉಳಿತಾಯ 321 ರೂಪಾಯಿ. ಸೌದೆ ತರುವುದು, ಹೊಗೆ ಕುಡಿಯುವುದು ಯಾರ ಪಾಲಿಗೆ ಬರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿದೇ ತೀರ್ಮಾನ ಮಾಡಿ.

ಇನ್ನೊಂದು ಎಚ್ಚರಿಕೆ. ಬಿಲ್ಲಿನಲ್ಲಿ ಎರಡು ತಾರೀಖುಗಳಿರುತ್ತವೆ, ಯಾವತ್ತಿನಿಂದ ಯಾವತ್ತಿನವರೆಗೆ ಅಂತ. ನಡುವೆ ಎಷ್ಟು ದಿನ ಅಂತ ಎಣಿಸಿ. ರೀಡಿಂಗ್ ತೆಗೆಯುವವರು ತಡವಾಗಿ ಬಂದರೆ ನಿಮ್ಮ ದಿನದ ಖರ್ಚು ಏರದೆಯೂ ಬಿಲ್ಲಿನ ಯೂನಿಟ್ ಏರುತ್ತದೆ. ಮನೆಗೆ ಬೀಗ ಇದ್ದು ಸರಾಸರಿ ಬಿಲ್ಲು ಕೊಟ್ಟಿದ್ದರೆ ಮೀಟರಿನ ಅಂಕಿಗೂ ಬಿಲ್ಲಿನ ಅಂಕಿಗೂ ತಾಳೆ ಬರುವುದಿಲ್ಲ. ಅಂಥ ಬಿಲ್ಲನ್ನು ಹಿಡಿದುಕೊಂಡು, ಮೀಟರಿನ ಅಂಕಿ ಬರೆದುಕೊಂಡು ಕಚೇರಿಗೆ ಹೋಗಿ ಕೇಳಬೇಕು. ಬಿಲ್ಲಿನ ಮೇಲಿರುವ ಆರ್.ಆರ್. ಸಂಖ್ಯೆ ಹೇಳಿದರೆ ಅವರು ನಿಮ್ಮ ಮನೆಯ ಲೆಕ್ಕ ತೆಗೆಯುತ್ತಾರೆ.

ಆ ನೂರರ ಗೆರೆ ಒಂದೇ ವರ್ಷ ಇತ್ತು. 2024ರ ಏಪ್ರಿಲ್ 1ರಿಂದ ಆಯೋಗ ಎಲ್ಲ ಮನೆಗೂ ಒಂದೇ ದರ ಮಾಡಿತು. ಎಷ್ಟು ಸುಟ್ಟರೂ ಯೂನಿಟ್ಟಿಗೆ 5 ರೂಪಾಯಿ 90 ಪೈಸೆ. ನಿಗದಿತ ಶುಲ್ಕ ಕಿಲೋವ್ಯಾಟಿಗೆ 120 ಆಯಿತು. "ದರ ಇಳಿಯಿತು" ಅಂತ ಸುದ್ದಿ ಬಂತು. ಯಾರಿಗೆ ಇಳಿಯಿತು? 110 ಸುಡುವ ಲೆಕ್ಕದ ಮನೆಗೆ ಯೂನಿಟ್ಟಿನ ಹಣ 770ರಿಂದ 649ಕ್ಕೆ ಇಳಿಯಿತು. ಆದರೆ 50 ಯೂನಿಟ್ ಸುಡುವ ಮನೆಯ ಲೆಕ್ಕ 237.50ರಿಂದ 295ಕ್ಕೆ ಏರಿತು. ಒಂದೇ ಆದೇಶ, ಒಬ್ಬರಿಗೆ ಇಳಿಕೆ, ಇನ್ನೊಬ್ಬರಿಗೆ ಏರಿಕೆ.

2025ರ ಏಪ್ರಿಲ್ 1ರಿಂದ ಮತ್ತೆ ಬದಲಾಯಿತು. ಯೂನಿಟ್ಟಿಗೆ 10 ಪೈಸೆ ಇಳಿದು 5 ರೂಪಾಯಿ 80 ಪೈಸೆ ಆಯಿತು. ಒಳ್ಳೆಯದಾಯಿತು ಅನ್ನಿಸುತ್ತದೆ. ಆದರೆ ನಿಗದಿತ ಶುಲ್ಕ ಕಿಲೋವ್ಯಾಟಿಗೆ 145 ಆಯಿತು. ಅದರ ಜೊತೆಗೆ ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ, ಗ್ರಾಚ್ಯುಟಿಗಾಗಿ ಯೂನಿಟ್ಟಿಗೆ 36 ಪೈಸೆಯ ಹೊಸ ಸಾಲು ಸೇರಿತು. ಲೆಕ್ಕದ ಮನೆಯ 110 ಯೂನಿಟ್ಟಿಗೆ ಎರಡೂ ವರ್ಷದ ಬಿಲ್ಲು ಪಕ್ಕಪಕ್ಕ ಇಡೋಣ.

2024ರ ದರದಲ್ಲಿ: ಯೂನಿಟ್ಟಿನ ಹಣ 649, ನಿಗದಿತ ಶುಲ್ಕ 240, ತೆರಿಗೆ 58.41. ಒಟ್ಟು 947 ರೂ. 41 ಪೈಸೆ.
2025ರ ದರದಲ್ಲಿ: ಯೂನಿಟ್ಟಿನ ಹಣ 638, ನಿಗದಿತ ಶುಲ್ಕ 290, ಪಿಂಚಣಿ ಸಾಲು 39.60, ತೆರಿಗೆ 57.42. ಒಟ್ಟು 1025 ರೂ. 2 ಪೈಸೆ.

ಯೂನಿಟ್ಟಿನ ದರ ಇಳಿಯಿತು, ಬಿಲ್ಲು 77 ರೂಪಾಯಿ ಏರಿತು. ಯೂನಿಟ್ಟಿನ ಹಣವನ್ನು ನಾವು ಕಾಯಿಲ್ ಆರಿಸಿ ಕಡಿಮೆ ಮಾಡಿಕೊಳ್ಳಬಹುದು. ನಿಗದಿತ ಶುಲ್ಕವನ್ನು ಹಾಗೆ ಮಾಡಲು ಬರುವುದಿಲ್ಲ. ಅದಕ್ಕೇ ಬಿಲ್ಲಿನಲ್ಲಿ ಮಂಜೂರಾದ ಕಿಲೋವ್ಯಾಟ್ ಎಷ್ಟು ಅಂತ ನೋಡಿ. ಎರಡು ಬಲ್ಬು, ಒಂದು ಫ್ಯಾನ್ ಇರುವ ಮನೆಗೆ 3 ಕಿಲೋವ್ಯಾಟ್ ಬರೆದಿದ್ದರೆ ಬಳಸದ ಕಿಲೋವ್ಯಾಟಿಗೂ ಪ್ರತಿ ತಿಂಗಳು ಹಣ ಹೋಗುತ್ತದೆ. ಕಡಿಮೆ ಮಾಡಿಕೊಡಿ ಅಂತ ಕಂಪನಿಗೆ ಅರ್ಜಿ ಹಾಕಬಹುದು. ಹಾಗಂತ ಕಾಯಿಲ್, ಇಸ್ತ್ರಿ ಪೆಟ್ಟಿಗೆ, ಫ್ರಿಜ್ ಎಲ್ಲ ಇರುವ ಮನೆಯವರು ಕಡಿಮೆ ಮಾಡಿಸಲು ಹೋಗಬೇಡಿ. ಮಂಜೂರಾದದ್ದಕ್ಕಿಂತ ಹೆಚ್ಚು ಎಳೆದರೆ ಅದಕ್ಕೂ ದಂಡ ಬೀಳುತ್ತದೆ.

"ನಮಗೆ ಸೊನ್ನೆ ಬಿಲ್ಲು ಬರುತ್ತಲ್ಲ ಮಿಸ್, ನಮಗೆ ಯಾಕೆ ಈ ಲೆಕ್ಕ?" ಅಂತ ಕೇಳುವವರು ಇಲ್ಲಿ ಇದ್ದೀರಿ. ಮುಖ ನೋಡಿದರೆ ಗೊತ್ತಾಗುತ್ತದೆ. ಗೃಹಜ್ಯೋತಿ ಯೋಜನೆ 2023ರ ಜುಲೈ ತಿಂಗಳ ಬಳಕೆಯಿಂದ ಶುರುವಾಯಿತು. ಅದರಲ್ಲಿ 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಂತ ತಿಳಿದವರು ಬಹಳ ಜನ. ಹಾಗಲ್ಲ. ಒಂದೊಂದು ಮನೆಗೂ ಒಂದೊಂದು ಮಿತಿ ಇಟ್ಟರು. 2022–23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿದ್ದಿರೋ ಅಷ್ಟು, ಅದರ ಮೇಲೆ ನೂರಕ್ಕೆ ಹತ್ತು. ತೀರಾ ಕಡಿಮೆ ಸುಡುವ ಮನೆಗಳಿಗೆ 2024ರಲ್ಲಿ ನೂರಕ್ಕೆ ಹತ್ತರ ಬದಲು 10 ಯೂನಿಟ್ ಅಂತಲೇ ಮಾಡಿದರು.

ಲೆಕ್ಕದ ಮನೆ ಆ ವರ್ಷ ಸರಾಸರಿ 100 ಸುಟ್ಟಿತ್ತು ಅನ್ನಿ. ಅದರ ಮಿತಿ 110. ಅಷ್ಟರೊಳಗೆ ಇದ್ದರೆ ಸೊನ್ನೆ. 130 ಸುಟ್ಟರೆ ಹೆಚ್ಚಿನ 20 ಯೂನಿಟ್ಟಿನ ಹಣ ಕಟ್ಟಬೇಕು. ಆದರೆ 200 ದಾಟಿದರೆ? ಆ ತಿಂಗಳು ಪೂರ್ತಿ ಬಿಲ್ಲು. ಒಂದನೆಯ ಯೂನಿಟ್ಟಿನಿಂದ. ನೂರರ ಗೆರೆ ಹೋಯಿತು ಅಂತ ಸಮಾಧಾನ ಪಡುವಷ್ಟರಲ್ಲಿ ಇನ್ನೂರರಲ್ಲಿ ಇನ್ನೊಂದು ಗೆರೆ.

ಮನೆಯಲ್ಲಿ ಮದುವೆ ಬಂತು, ನೆಂಟರು ತುಂಬಿದರು, ಹಗಲು ರಾತ್ರಿ ಫ್ಯಾನು, ನೀರು ಕಾಯಿಸಿದ್ದೇ ಕಾಯಿಸಿದ್ದು. 2025ರ ದರದಲ್ಲಿ ಲೆಕ್ಕ ನೋಡಿ. 200 ಯೂನಿಟ್ಟಿಗೆ ನಿಂತರೆ ಹೆಚ್ಚಿನ 90 ಯೂನಿಟ್ಟಿಗೆ 522 ರೂಪಾಯಿ. ತೆರಿಗೆ ಮತ್ತು ಪಿಂಚಣಿ ಸಾಲು ಸೇರಿ ಸುಮಾರು 600. 201 ಆದರೆ ಯೂನಿಟ್ಟಿನ ಹಣ 1165.80, ನಿಗದಿತ ಶುಲ್ಕ 290, ಪಿಂಚಣಿ ಸಾಲು 72.36, ತೆರಿಗೆ 104.92. ಒಟ್ಟು 1633 ರೂಪಾಯಿ 8 ಪೈಸೆ. ಒಂದು ಯೂನಿಟ್ಟಿನಲ್ಲಿ ಸಾವಿರಕ್ಕೂ ಹೆಚ್ಚು ಅಂತರ. ಸೊನ್ನೆ ಬಿಲ್ಲಿನವರೂ ಮೀಟರು ಓದಬೇಕು ಅನ್ನುವುದು ಇದಕ್ಕೇ. ಸೊನ್ನೆ ಬಂದ ಬಿಲ್ಲಿನಲ್ಲೂ ಯೂನಿಟ್ಟು ಎಷ್ಟು ಅಂತ ಬರೆದೇ ಇರುತ್ತಾರೆ. ಬಿಸಾಡಬೇಡಿ.

ದರ ಏರಿಸುವ ಮೊದಲು ಕರೆಂಟ್ ಕಂಪನಿಗಳು ಆಯೋಗದ ಮುಂದೆ ಅರ್ಜಿ ಇಡುತ್ತವೆ. ಅದರ ಸಾರಾಂಶವನ್ನು ಪತ್ರಿಕೆಗಳಲ್ಲಿ ಹಾಕಿ, ಆಕ್ಷೇಪಣೆ ಕೇಳಿ, ಒಂದು ದಿನ ಸಾರ್ವಜನಿಕ ವಿಚಾರಣೆ ಮಾಡುತ್ತಾರೆ. ಬಿಲ್ಲು ಕಟ್ಟುವ ಯಾರಾದರೂ ಅಲ್ಲಿ ಮಾತನಾಡಬಹುದು. ಹೆಚ್ಚಾಗಿ ಅಲ್ಲಿಗೆ ಹೋಗುವವರು ಕಾರ್ಖಾನೆಯವರು, ಲೆಕ್ಕ ತಿಳಿದ ದೊಡ್ಡವರು. 101 ಯೂನಿಟ್ ಸುಡುವ ಮನೆಯಾಕೆ ತನ್ನ ಎರಡು ಬಿಲ್ಲುಗಳನ್ನು ಹಿಡಿದುಕೊಂಡು ಹೋಗಿ, "ಸ್ವಾಮಿ, ಒಂದು ಯೂನಿಟ್ಟಿಗೆ 252 ರೂಪಾಯಿ ಹೇಗಾಯಿತು?" ಅಂತ ಕೇಳಿದರೆ ಅದೂ ಒಂದು ಆಕ್ಷೇಪಣೆಯೇ.

ಈಗ ಕೆಲಸ. ಮನೆಯಲ್ಲಿರುವ ಎರಡು ತಿಂಗಳ ಬಿಲ್ಲನ್ನು ನಾಳೆ ತನ್ನಿ, ಬೇರೆ ಬೇರೆ ವರ್ಷದ್ದಾದರೆ ಇನ್ನೂ ಒಳ್ಳೆಯದು. ಯೂನಿಟ್ಟಿನ ಹಣಕ್ಕೆ ಒಂದು ಗೆರೆ ಎಳೆಯಿರಿ, ನಿಗದಿತ ಶುಲ್ಕಕ್ಕೆ ಎರಡು ಗೆರೆ ಎಳೆಯಿರಿ. ಯಾವುದು ಎಷ್ಟು ಏರಿದೆ ಅಂತ ಬೋರ್ಡಿನ ಮೇಲೆ ನೀವೇ ಬರೆಯಬೇಕು. ಬಾಡಿಗೆ ಮನೆಯಲ್ಲಿದ್ದು ಬಿಲ್ಲು ಮಾಲೀಕರ ಹತ್ತಿರ ಇರುವವರು ಕೇಳಿ ತನ್ನಿ. ಯೂನಿಟ್ಟಿಗೆ ಅವರು ನಿಮ್ಮಿಂದ ಎಷ್ಟು ತೆಗೆದುಕೊಳ್ಳುತ್ತಾರೆ, ಬಿಲ್ಲಿನಲ್ಲಿ ಎಷ್ಟಿದೆ, ಅದನ್ನೂ ನೋಡಿಬಿಡೋಣ.